ಮೊದಲು ಲೆನ್ಸೋ, ಮೊದಲು ಕಪ್ಪೋ?

ಮದುವೆಮನೆಯಲ್ಲಿ ಹೆಣ್ಣಿನ ಕಣ್ಣು ಹೆಣ್ಣಿಗೆ ಸೇರಿದ್ದಲ್ಲ. ಅದು ಊರೊಟ್ಟಿನ ಗೋಮಾಳ. ಯಾರು ಬೇಕಾದರೂ ನುಗ್ಗಬಹುದು, ಮೇಯಬಹುದು. "ಕಪ್ಪು ಸಾಲ್ದು ಕಣೇ" ಅಂತ ಒಬ್ಬರು, "ಎಡಗಣ್ಣು ದಪ್ಪ ಆಯ್ತು" ಅಂತ ಇನ್ನೊಬ್ಬರು, "ರೆಪ್ಪೆಗೆ ಕೂದ್ಲು ಅಂಟಿಸ್ತಾರಂತಲ್ಲ, ನಮ್ಮ ಮಗೀಗೆ ಯಾಕೆ ಅಂಟಿಸಿಲ್ಲ, ದುಡ್ಡು ಕಮ್ಮಿ ಬಿತ್ತಾ?" ಅಂತ ಮೂರನೆಯವರು. ಮಧುಗಿರಿಯಲ್ಲಿ ಕನ್ನಡಕದಂಗಡಿಯ ಕೌಂಟರಿನ ಹಿಂದೆ ಇಪ್ಪತ್ತು ವರ್ಷ ಕೂತವಳು ನಾನು. ಊರಿನ ಅರ್ಧ ಕಣ್ಣುಗಳ ಪವರ್ ನನಗೆ ಬಾಯಿಪಾಠ. ಆದರೂ ನಮ್ಮಕ್ಕನ ಮಗಳ ಮದುವೆಯಲ್ಲಿ ಆ ಎರಡು ಕಣ್ಣು ಕಾಯುವುದು ನನ್ನ ಕೈಲಿ ಆಗಲಿಲ್ಲ. ಕಾರಣ ಸರಳ: ಎದುರಾಳಿಗಳು ಬಂದದ್ದು ನಾಲ್ಕು ತಾಲ್ಲೂಕುಗಳಿಂದ.

ಹುಡುಗಿಗೆ ಮೈನಸ್ ಐದು. ಕನ್ನಡಕ ತೆಗೆದರೆ ಮಧುಗಿರಿ ಬೆಟ್ಟವೂ ಮೋಡ, ಮದುಮಗನೂ ಮೋಡ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಲೆನ್ಸ್ ಹಾಕಿಕೊಳ್ಳುವುದನ್ನು ಕಲಿತಿದ್ದಳು. ಅದರ ಜೊತೆಗೆ ನಮ್ಮ ವಂಶದ ಆಸ್ತಿಯಾದ ಕೆರಳುಗಣ್ಣು ಬೇರೆ. ಒಗ್ಗರಣೆ ಹೊಗೆಗೆ ಕೆಂಪಾಗುತ್ತದೆ, ಊದುಬತ್ತಿಗೆ ನೀರು ಸುರಿಸುತ್ತದೆ. ಚಳಿಗಾಲ ಮುಗಿದು ಪಾವಗಡದ ಕಡೆಯಿಂದ ಒಣಗಾಳಿ ಬೀಸಿತೆಂದರೆ ತುರಿಕೆ ಶುರು. "ಚಿಕ್ಕಮ್ಮ, ಮದ್ವೆಲಿ ಕನ್ನಡಕ ಹಾಕ್ಕೊಳಲ್ಲ, ಆದ್ರೆ ಮೇಕಪ್ ಬೇಕು, ಕಣ್ಣೂ ಕೆಂಪಗಾಗ್ಬಾರ್ದು" ಅಂದಳು. ಮೂರು ವರ ಕೇಳುವ ಹೆಣ್ಣು ಅವಳೇ ಮೊದಲಲ್ಲವಲ್ಲ ಅಂತ ಒಪ್ಪಿಕೊಂಡೆ.

ಮೊದಲ ಕೆಲಸವಾಗಿ ಅವಳ ಮೇಕಪ್ ಚೀಲವನ್ನು ಮಂಚದ ಮೇಲೆ ಕವುಚಿದೆ. ಪುರಾತತ್ವ ಇಲಾಖೆಯವರನ್ನು ಕರೆಸಬೇಕಾಗಿತ್ತು. ಪಿಯುಸಿಯಲ್ಲಿ ಕೊಂಡ ಕಾಜಲ್ ಕಡ್ಡಿ, ಗೆಳತಿಯ ಐಲೈನರ್, ಯಾವ ಕಾಲದ್ದೋ ಗೊತ್ತಿಲ್ಲದ ಮಸ್ಕಾರ. ಮಸ್ಕಾರ ಒಣಗಿಹೋಗಿತ್ತು. "ಎರಡು ಹನಿ ನೀರು ಹಾಕಿದ್ರೆ ಸರಿಹೋಗುತ್ತೆ" ಅಂದಳು ಮಹಾತಾಯಿ. ಉಪ್ಪಿನಕಾಯಿ ಜಾಡಿಗೆ ಒದ್ದೆ ಸೌಟು ಹಾಕಿದರೆ ಅಮ್ಮ ಬಯ್ಯುತ್ತಿದ್ದದ್ದು ನೆನಪಿದೆಯಾ ಅಂತ ಕೇಳಿದೆ. ಮಸ್ಕಾರದ ಕಥೆಯೂ ಅದೇ. ಕಡ್ಡಿ ರೆಪ್ಪೆಗೂದಲನ್ನು ಸವರಿಕೊಂಡು, ಅಲ್ಲಿನ ಸೂಕ್ಷ್ಮಜೀವಿಗಳನ್ನೂ ಹೊತ್ತುಕೊಂಡು ಮತ್ತೆ ಟ್ಯೂಬಿನ ಕತ್ತಲೆಗೆ, ಒದ್ದೆಗೆ, ಬೆಚ್ಚಗಿನ ಜಾಗಕ್ಕೆ ಹೋಗುತ್ತದೆ. ಟ್ಯೂಬಿನಲ್ಲಿ ಸಂರಕ್ಷಕ ಇರುತ್ತದೆ ನಿಜ, ಆದರೆ ದಿನಾ ಕಡ್ಡಿ ಆಡಿಸುತ್ತ ಹೋದ ಹಾಗೆ ಅದರ ಕಾವಲು ಸಡಿಲವಾಗುತ್ತದೆ. ಅದಕ್ಕೇ ಮಸ್ಕಾರಕ್ಕೆ ತೆರೆದ ದಿನದಿಂದ ಮೂರು ತಿಂಗಳು ಆಯುಸ್ಸು ಅನ್ನುವುದು. ನೀರು ಹಾಕಿದರೆ ಆ ಸಂರಕ್ಷಕವೂ ತೆಳುವಾಗಿ ಕೆಲಸಕ್ಕೆ ಬಾರದು. ಎಂಜಲು ಹಚ್ಚುವವರೂ ಇದ್ದಾರೆ. ಅವರ ಬಗ್ಗೆ ಊಟದ ಮುಂಚೆ ಮಾತಾಡುವುದು ಬೇಡ.

ಡಬ್ಬಿಯ ತಳದಲ್ಲಿ ಮುಚ್ಚಳ ತೆರೆದ ಭರಣಿಯ ಪುಟ್ಟ ಚಿತ್ರ ಇರುತ್ತದೆ, ಒಳಗೆ ಆರೋ ಹನ್ನೆರಡೋ ಅಂತ ಅಂಕಿ, ಪಕ್ಕದಲ್ಲಿ ಎಮ್ ಅಕ್ಷರ. ತೆರೆದ ಮೇಲೆ ಅಷ್ಟು ತಿಂಗಳು ಅಂತ ಅರ್ಥ. ನಮ್ಮ ಹುಡುಗಿ ಅದನ್ನು ಮೀಡಿಯಮ್ ಸೈಜ್ ಅಂದುಕೊಂಡಿದ್ದಳು. ಇಂಜಿನಿಯರಿಂಗ್ ಓದಿದವಳು!

ಹಳೆಯದೆಲ್ಲ ಕಸದ ಬುಟ್ಟಿಗೆ ಹೋಯಿತು. ಈಗ ಹೊಸದನ್ನು ಏನು ಕೊಳ್ಳುವುದು ಅನ್ನುವ ಪ್ರಶ್ನೆ. ಕೊರಟಗೆರೆಯಿಂದ ಗೊತ್ತುಮಾಡಿದ್ದ ಬ್ಯೂಟಿಷಿಯನ್ ಹುಡುಗಿ ಫೋನಿನಲ್ಲಿ ಉದ್ದದ ಪಟ್ಟಿ ಓದಿದಳು. ಎಲ್ಲಕ್ಕೂ ಕೊನೆಗೆ ಒಂದೇ ಮಂತ್ರ: "ಹೈಪೋಅಲರ್ಜೆನಿಕ್ ಆಂಟಿ, ಏನೂ ಆಗಲ್ಲ." ಆ ಮಂತ್ರಕ್ಕೆ ನಾನು ಕೈಮುಗಿಯುವುದಿಲ್ಲ. ಆ ಪದಕ್ಕೆ ಸರ್ಕಾರಿ ಮಾನದಂಡವೇ ಇಲ್ಲ ಅಂತ ಅಮೆರಿಕದ ಎಫ್‌ಡಿಎ ಸಂಸ್ಥೆಯವರೇ ಹೇಳುತ್ತಾರೆ. ಕಂಪನಿ ಏನಂದುಕೊಂಡರೆ ಅದೇ ಅರ್ಥ. 'ಹರ್ಬಲ್' ಅನ್ನುವುದೂ ಹಾಗೇ. ಸಿದ್ದರಬೆಟ್ಟದ ತಪ್ಪಲಿನವಳಾದ್ದರಿಂದ ಆ ಹುಡುಗಿಗೆ ಗಿಡಮೂಲಿಕೆ ಅಂದರೆ ಭಕ್ತಿ. "ಎಕ್ಕದ ಹಾಲೂ ಗಿಡಮೂಲಿಕೇನೇ ಕಣಮ್ಮ, ಕಣ್ಣಿಗೆ ಬಿಟ್ಕೊಳ್ತೀಯಾ?" ಅಂದೆ. ಆ ಕಡೆ ಐದು ಸೆಕೆಂಡ್ ಮೌನ.

ಡಬ್ಬಿಯ ಮಾತನ್ನು ನಂಬುವ ಬದಲು ನಾನು ನಂಬುವುದು ಮೊಣಕೈ ಮಡಿಕೆಯನ್ನು. ರೆಪ್ಪೆಯ ಚರ್ಮ ಮೈಯಲ್ಲೆಲ್ಲ ತೆಳು, ಅಲ್ಲಿ ನೇರವಾಗಿ ಪರೀಕ್ಷೆ ಮಾಡಿದರೆ ಫೇಲಾದಾಗ ಊದುವುದೂ ಅಲ್ಲೇ. ಆದ್ದರಿಂದ ಮದುವೆಗೆ ಮೂರು ವಾರ ಇರುವಾಗಲೇ ಬ್ಯೂಟಿಷಿಯನ್ ತರಬೇಕೆಂದಿದ್ದ ಮೂರು ಸಾಮಾನನ್ನು ತರಿಸಿಕೊಂಡೆ: ಕಪ್ಪು ಪೆನ್ಸಿಲ್, ಮಸ್ಕಾರ, ಸುಳ್ಳು ರೆಪ್ಪೆ ಅಂಟಿಸುವ ಗೋಂದು. ಎರಡೂ ಕೈಗಳ ಒಳಮಡಿಕೆಯಲ್ಲಿ ಹತ್ತು ರೂಪಾಯಿ ನಾಣ್ಯದಷ್ಟಗಲ ಗುರುತು ಮಾಡಿ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಏಳು ದಿನ ಅದೇ ಜಾಗಕ್ಕೇ ಹಚ್ಚಿಕೋ ಅಂದೆ. ಒಂದೇ ದಿನ ಹಚ್ಚಿ "ಏನೂ ಆಗ್ಲಿಲ್ಲ" ಅನ್ನುವುದು ಪರೀಕ್ಷೆಯಲ್ಲ, ಯಾಕೆಂದರೆ ಅಲರ್ಜಿ ಅನ್ನುವುದು ಸೋದರಮಾವನ ಹಾಗೆ, ಮುನಿಸಿಕೊಂಡದ್ದು ಗೊತ್ತಾಗುವುದು ಎರಡು ಮೂರು ದಿನ ಕಳೆದ ಮೇಲೆ. ಅವಳು ದಿನಾ ಫೋಟೋ ಕಳಿಸಿದಳು. ಪೆನ್ಸಿಲ್ ಪಾಸು. ಮಸ್ಕಾರ ಪಾಸು. ನಾಲ್ಕನೇ ದಿನ ಗೋಂದು ಹಚ್ಚಿದ ಜಾಗ ಕೆಂಪಾಗಿ, ಸಣ್ಣ ಗುಳ್ಳೆ ಎದ್ದು, ನವೆ ಶುರುವಾಯಿತು. ಅಲ್ಲಿಗೆ ಸುಳ್ಳು ರೆಪ್ಪೆಯ ಕಥೆ ಮುಗಿಯಿತು. ಬ್ಯೂಟಿಷಿಯನ್‌ಗೆ ಬೇಜಾರಾಯಿತು, ಪ್ಯಾಕೇಜಿನಲ್ಲಿ ಅದೂ ಸೇರಿತ್ತಂತೆ.

ಮಸ್ಕಾರದ ವಿಷಯದಲ್ಲಿ ಅವಳಿಗೂ ನನಗೂ ಜೋರು ಜಗಳವೇ ನಡೆಯಿತು. ಅವಳದ್ದು ಒಂದೇ ಹಟ: ವಾಟರ್‌ಪ್ರೂಫ್. "ಧಾರೆ ಹೊತ್ತಲ್ಲಿ ಅಳ್ತಾರಲ್ಲ ಆಂಟಿ, ಸೋರಿ ಕೆನ್ನೆಗೆ ಬಂದ್ರೆ ಬಯ್ಸಿಕೊಳ್ಳೋಳು ನಾನು." ನ್ಯಾಯವಾದ ಮಾತು. ಆದರೆ ನೀರಿಗೆ ಜಗ್ಗದ್ದು ನೀರಿಗೆ ಹೋಗುವುದೂ ಇಲ್ಲ. ಅದನ್ನು ತೆಗೆಯಲು ಎಣ್ಣೆಯ ರಿಮೂವರ್ ಬೇಕು, ಚೆನ್ನಾಗಿ ಉಜ್ಜಬೇಕು. ಆ ಎಣ್ಣೆ ಮೆತ್ತನೆಯ ಲೆನ್ಸಿಗೆ ಹತ್ತಿದರೆ ಜಿಡ್ಡು ಹಿಡಿದ ಬಲ್ಬಿನ ಹಾಗೆ ಮಂಕು, ಸಲ್ಯೂಷನ್ನಿನಲ್ಲಿ ತೊಳೆದರೂ ಪೂರ್ತಿ ಬಿಡುವುದಿಲ್ಲ. ರೆಪ್ಪೆ ಉದ್ದ ಕಾಣಲಿ ಅಂತ ಸಣ್ಣ ನಾರು ಸೇರಿಸಿದ ಮಸ್ಕಾರವೂ ಅವಳ ಬಳಿ ಇತ್ತು. ಅದಂತೂ ಬೇಡವೇ ಬೇಡ. ಹೊತ್ತು ಕಳೆದ ಹಾಗೆ ಆ ನಾರು ಒಂದೊಂದಾಗಿ ಉದುರಿ ಲೆನ್ಸಿನ ಅಡಿಗೆ ಸೇರುತ್ತದೆ. ಚಪ್ಪಲಿಯೊಳಗೆ ಸೇರಿದ ಮುಳ್ಳಾದರೆ ಬಿಚ್ಚಿ ಕೊಡವಬಹುದು, ಮಂಟಪದಲ್ಲಿ ಕೂತವಳು ಏನು ಮಾಡಬೇಕು?

ಕೊನೆಗೆ ರಾಜಿಯಾದದ್ದು 'ಟ್ಯೂಬಿಂಗ್' ಮಸ್ಕಾರಕ್ಕೆ. ಇದು ಬಣ್ಣ ಬಳಿಯುವುದಿಲ್ಲ, ಒಂದೊಂದು ಕೂದಲಿಗೂ ಸಣ್ಣ ಅಂಗಿ ತೊಡಿಸಿದ ಹಾಗೆ ಸುತ್ತಿಕೊಳ್ಳುತ್ತದೆ. ಕಣ್ಣೀರಿಗೆ ಸುಲಭಕ್ಕೆ ಕದಡದು, ಆದರೆ ಬೆಚ್ಚಗಿನ ನೀರಿನಲ್ಲಿ ನೆನೆಸಿದ ಹತ್ತಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಅಂಗಿ ಅಂಗಿಯಾಗಿಯೇ ಜಾರಿ ಬರುತ್ತದೆ. ಎಣ್ಣೆ ಬೇಡ. ಮಧುಗಿರಿ ಪೇಟೆಯಲ್ಲಿ ಸಿಗಲಿಲ್ಲ, ತುಮಕೂರಿನಿಂದ ತರಿಸಿದೆವು. ಅದಕ್ಕೂ ಏಳು ದಿನದ ಮೊಣಕೈ ಪರೀಕ್ಷೆ ಆಯಿತು.

ಇಷ್ಟೆಲ್ಲ ನಡೆಯುವಾಗ ಪಾವಗಡದಿಂದ ನಮ್ಮ ಸೋದರತ್ತೆ ಬಂದಿಳಿದರು, ಮಡಿಲಲ್ಲಿ ಹಿತ್ತಾಳೆ ಭರಣಿ. ಪಾವಗಡದವರ ಕನ್ನಡಕ್ಕೆ ಮೂರು ದಿಕ್ಕಿನಿಂದಲೂ ತೆಲುಗಿನ ಗಾಳಿ, ಅತ್ತೆಯ ಬಾಯಲ್ಲಿ ಕಪ್ಪು 'ಕಾಟುಕ' ಆಗಿತ್ತು. "ಮಗೀಗೆ ಅಂಗ್ಡಿ ಕಾಟುಕ ಬೇಡ, ನಾನೇ ಕಟ್ಕಂಡು ಬಂದಿದೀನಿ" ಅಂದರು. ಕಟ್ಟಿದ ರೀತಿಯನ್ನೂ ವಿವರಿಸಿದರು: ಹೊನಗೊನ್ನೆ ಸೊಪ್ಪಿನ ರಸದಲ್ಲಿ ಬಿಳಿ ಬಟ್ಟೆ ಅದ್ದಿ ನೆರಳಲ್ಲಿ ಒಣಗಿಸಿ, ಅದನ್ನೇ ಬತ್ತಿ ಹೊಸೆದು, ಹರಳೆಣ್ಣೆ ದೀಪ ಹಚ್ಚಿ, ಮೇಲೆ ತಾಮ್ರದ ತಟ್ಟೆ ಕವುಚಿ, ರಾತ್ರಿಯೆಲ್ಲ ಬಿಟ್ಟು, ಬೆಳಿಗ್ಗೆ ಮಸಿ ಕೆರೆದು, ಹರಳೆಣ್ಣೆಯಲ್ಲಿ ಕಲಸಿ. ಕೇಳುವಾಗಲೇ ಬಾಲ್ಯದ ವಾಸನೆ ಬಂತು. ನಾವೆಲ್ಲ ಅದೇ ಕಪ್ಪಿನಲ್ಲಿ ಬೆಳೆದವರೇ.

ಅತ್ತೆಯ ಭರಣಿಗೆ ನ್ಯಾಯ ಒದಗಿಸಬೇಕು. ದೀಪದ ಮಸಿ ಬಹುಪಾಲು ಇಂಗಾಲ. ಅಂಗಡಿಬೀದಿಯಲ್ಲಿ, ಜಾತ್ರೆಯಲ್ಲಿ ಹೆಸರಿಲ್ಲದ ಪೊಟ್ಟಣದಲ್ಲಿ ಸಿಗುವ ಹೊಳಪಿನ ಸುರ್ಮಾ ಪುಡಿ ಬೇರೆ ಜಾತಿ. ಅದನ್ನು ಎಷ್ಟೋ ಕಡೆ ಗಲೇನಾ ಅನ್ನುವ ಸೀಸದ ಅದಿರನ್ನು ಅರೆದೇ ಮಾಡುತ್ತಾರೆ. ಕಣ್ಣು ಉಜ್ಜಿದ ಕೈ ಬಾಯಿಗೆ ಹೋದರೆ ಸೀಸ ಹೊಟ್ಟೆಗೆ ಹೋಗುತ್ತದೆ, ಮಕ್ಕಳ ಮೆದುಳಿಗೆ ಅದು ವಿಷ. ಅತ್ತೆಯ ಕಪ್ಪಿನಲ್ಲಿ ಆ ತೊಂದರೆ ಇಲ್ಲ. ಆದರೆ ಲೆನ್ಸ್ ಹಾಕುವವಳಿಗೆ ಬೇರೆ ಎರಡು ತೊಂದರೆ ಇದೆ. ಒಂದು, ಅದು ಎಣ್ಣೆ. ಇನ್ನೊಂದು, ಆ ಭರಣಿಯಲ್ಲಿ ಅತ್ತೆಯ ಬೆರಳು, ಅತ್ತೆಯ ಮೊಮ್ಮಕ್ಕಳ ಬೆರಳು, ಪಕ್ಕದಮನೆ ಬಾಣಂತಿಯ ಬೆರಳು ಎಲ್ಲ ಅದ್ದಿ ಹೋಗಿವೆ. ಇದನ್ನು ಹೇಳಿದರೆ ಅತ್ತೆ ಏನಂದರು ಗೊತ್ತಾ? "ನಿಂಗೆ ಕನ್ನಡಕ ಮಾರೋ ಬುದ್ಧಿ. ನಮ್ಮ ಕಾಟುಕ ಹಚ್ಕಂಡೋರಿಗೆ ಕನ್ನಡಕವೇ ಬೇಡ, ಅದಕ್ಕೇ ನಿಂಗೆ ಹೊಟ್ಟೆ ಉರಿ." ಹಾಗಂದವರ ಮೂಗಿನ ಮೇಲೆ ನಾನೇ ಕೊಟ್ಟ ಕನ್ನಡಕ ಕೂತಿತ್ತು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ, ಕಪ್ಪು ಎಲ್ಲಿ ಹಚ್ಚುವುದು ಅನ್ನುವುದಕ್ಕೆ. ಕನ್ನಡಿ ಮುಂದೆ ನಿಂತು ಕೆಳರೆಪ್ಪೆಯನ್ನು ಸ್ವಲ್ಪ ಕೆಳಗೆ ಎಳೆದು ನೋಡಿ. ರೆಪ್ಪೆಗೂದಲಿಗೂ ಕಣ್ಣಗುಡ್ಡೆಗೂ ನಡುವೆ ಒಂದು ಒದ್ದೆ ಅಂಚು ಇದೆಯಲ್ಲ, ಹೊಲದ ಬದುವಿನ ಹಾಗೆ? ಕಾಡಿಗೆ ಹಚ್ಚುವವರೆಲ್ಲ ಎಳೆಯುವುದು ಆ ಬದುವಿನ ಮೇಲೆಯೇ. ಆ ಬದುವಿನಲ್ಲಿ ಬರಿಗಣ್ಣಿಗೆ ಕಷ್ಟಪಟ್ಟರೆ ಮಾತ್ರ ಕಾಣುವ ಚುಕ್ಕೆಗಳ ಸಾಲಿದೆ. ಅವು ಎಣ್ಣೆಗ್ರಂಥಿಗಳ ಬಾಯಿ. ಕೆಳರೆಪ್ಪೆಯಲ್ಲಿ ಸುಮಾರು 20ರಿಂದ 30, ಮೇಲಿನದರಲ್ಲಿ 25ರಿಂದ 40. ಕಣ್ಣು ಮಿಟುಕಿಸಿದಾಗಲೆಲ್ಲ ಅವು ಎಣ್ಣೆ ಒಸರಿ ಕಣ್ಣೀರಿನ ಮೇಲೆ ತೆಳ್ಳನೆ ಪದರ ಹಾಸುತ್ತವೆ. ಬಿಸಿಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಅಂದುಕೊಳ್ಳಿ. ಆ ಕೆನೆ ಇಲ್ಲದಿದ್ದರೆ ಕಣ್ಣೀರು ಬೇಗ ಆರಿಹೋಗುತ್ತದೆ. ಮೇಣ, ಎಣ್ಣೆ, ಬಣ್ಣದ ಪುಡಿ ಸೇರಿದ ಕಾಜಲನ್ನು ದಿನಾ ಆ ಬಾಯಿಗಳ ಮೇಲೆ ತಿಕ್ಕಿದರೆ ಅವು ಕಟ್ಟಿಕೊಳ್ಳುತ್ತವೆ. ಕಣ್ಣು ಒಣಗುತ್ತದೆ, ಉರಿಯುತ್ತದೆ, ಕೆಲವರಿಗೆ ರೆಪ್ಪೆಯಲ್ಲಿ ಗಂಟೂ ಏಳುತ್ತದೆ. ನಮ್ಮ ನಾಲ್ಕು ತಾಲ್ಲೂಕಿನ ಹವೆಯಲ್ಲಿ ಕಣ್ಣೀರು ಮೊದಲೇ ನಿಲ್ಲುವುದು ಕಡಿಮೆ, ಅದರ ಮೇಲೆ ಕಣ್ಣೀರಿನ ಮುಚ್ಚಳವನ್ನೂ ನಾವೇ ಕಿತ್ತಂತೆ.

ಇನ್ನು ಲೆನ್ಸ್. ಅದು ಕಣ್ಣಗುಡ್ಡೆಗೆ ಅಂಟಿ ಕೂತಿಲ್ಲ, ಕಣ್ಣೀರಿನ ಮೇಲೆ ತೇಲುತ್ತಿದೆ. ಬದುವಿನ ಮೇಲೆ ಹಚ್ಚಿದ್ದು ಜಾರಿ ಬೀಳುವುದು ಎಲ್ಲಿಗೆ? ನೇರ ಕೆರೆಗೆ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಕಣ್ಣಾರೆ ನೋಡಿ 2015ರಲ್ಲಿ ಪ್ರಕಟಿಸಿದರು. ಮಿಣಮಿಣ ಪುಡಿಯಿದ್ದ ಪೆನ್ಸಿಲನ್ನು ಒಮ್ಮೆ ರೆಪ್ಪೆಗೂದಲಿನ ಹೊರಗೆ, ಒಮ್ಮೆ ಒಳಗೆ ಹಚ್ಚಿ, ಕಣ್ಣೀರಿಗೆ ಎಷ್ಟು ಕಣ ಬಂತು ಅಂತ ವಿಡಿಯೋದಲ್ಲಿ ಎಣಿಸಿದರು. ಒಳಗೆ ಹಚ್ಚಿದಾಗ ಐದೇ ನಿಮಿಷದಲ್ಲಿ ಶೇಕಡ 15ರಿಂದ 30ರಷ್ಟು ಹೆಚ್ಚು ಕಣ ಒಳಸೇರಿತ್ತು. ಬರಿಗಣ್ಣಾದರೆ ಕಣ್ಣೀರು ಹೇಗೋ ತೊಳೆದುಕೊಳ್ಳುತ್ತದೆ. ಲೆನ್ಸ್ ಇದ್ದರೆ ಅದು ಬಾಗಿಲಲ್ಲಿ ಕೂತ ಕಾಲೊರಸು, ಬಂದವರ ಕಾಲ್ಧೂಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಪಾವಗಡದ ತಿರುಮಣಿಯ ಹತ್ತಿರ 13 ಸಾವಿರ ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆಯಲ್ಲ, ಅಲ್ಲಿ ಫಲಕದ ಮೇಲೆ ಧೂಳು ಕೂತರೆ ಕರೆಂಟ್ ಕಡಿಮೆಯಾಗುತ್ತದೆಂದು ತೊಳೆಯುತ್ತಲೇ ಇರುತ್ತಾರೆ. ಲೆನ್ಸಿನ ಮೇಲೆ ನಾವೇ ಧೂಳು ಬಳಿದು, "ಯಾಕೋ ಮಂಜು ಮಂಜು" ಅಂತ ಅಂಗಡಿಗೆ ಬಂದು ಪವರ್ ಚೆಕ್ ಮಾಡಿಸುತ್ತೇವೆ.

ಆದ್ದರಿಂದ ನಾನು ಹಾಕಿದ ಕಟ್ಟಪ್ಪಣೆ ಒಂದೇ: ಗೆರೆ ರೆಪ್ಪೆಗೂದಲಿನ ಹೊರಗೆ. ಮೇಲಿನ ರೆಪ್ಪೆಯಲ್ಲಿ ಕೂದಲ ಬುಡಕ್ಕಿಂತ ಒಂದು ಎಳೆ ಮೇಲೆ, ಕೆಳಗೆ ಒಂದು ಎಳೆ ಕೆಳಗೆ. ಬದುವಿನ ಮೇಲೆ ಯಾರೂ ಕಾಲಿಡುವಂತಿಲ್ಲ.

ಆರತಕ್ಷತೆಯ ಸಂಜೆ ನಾಲ್ಕೂವರೆಗೆ ಕೆಲಸ ಶುರುಮಾಡಿದೆವು. ಬ್ಯೂಟಿಷಿಯನ್ ಮೇಕಪ್ ಪೆಟ್ಟಿಗೆ ತೆರೆದಳು. "ಮುಚ್ಚು" ಅಂದೆ. ಮೊದಲು ತಲೆ. ಹೇರ್ ಸ್ಪ್ರೇ ಅನ್ನುವುದು ಗಾಳಿಯಲ್ಲಿ ತೇಲುವ ಅಂಟು, ಲೆನ್ಸಿನ ಮೇಲೆ ಕೂತರೆ ಹೋಗುವುದಿಲ್ಲ. ಹಾಗಾಗಿ ಜಡೆ, ಸ್ಪ್ರೇ, ಎಣ್ಣೆಯ ಕೈ ಕೆಲಸವೆಲ್ಲ ಮುಗಿಯಲಿ. ಆಮೇಲೆ ಹುಡುಗಿ ಸಾದಾ ಸೋಪಿನಿಂದ ಕೈ ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಒಣಗಿಸಿಕೊಂಡಳು. ಕೈ ಒಣಗಿಸಲೇಬೇಕು. ಲೆನ್ಸಿಗೆ ನಲ್ಲಿನೀರು, ಬೋರ್ ನೀರು ಸೋಕಬಾರದು, ಅದರಲ್ಲಿ ಅಕಾಂತಮೀಬ ಅನ್ನುವ ಏಕಕೋಶಜೀವಿ ಇರಬಹುದು, ಅದು ಕಣ್ಣಿಗೆ ಹೊಕ್ಕರೆ ತಿಂಗಳುಗಟ್ಟಲೆ ಗೋಳು. "ಫಿಲ್ಟರ್ ನೀರು?" ಅಂತ ಬ್ಯೂಟಿಷಿಯನ್ ಕೇಳಿದಳು. ಗಂಗಾಜಲವಾದರೂ ಬೇಡ.

ಮದುವೆಗೆಂದೇ ಒಂದು ದಿನ ಹಾಕಿ ಎಸೆಯುವ ಲೆನ್ಸನ್ನು ಅವಳ ಕಣ್ಣಿನ ಅಳತೆಗೆ ತರಿಸಿದ್ದೆ. ದಿನಾ ಹಾಕುವ ತಿಂಗಳ ಲೆನ್ಸಿನ ಮೇಲೆ ಮೇಕಪ್ ಕೂತರೆ ಮುಂದಿನ ಮೂರು ವಾರವೂ ಅದನ್ನು ಹೊರಬೇಕು. ಇದಾದರೆ ರಾತ್ರಿಗೆ ಕಸ. ಬೆರಳ ತುದಿಯಲ್ಲಿಟ್ಟು ಪಕ್ಕದಿಂದ ನೋಡಿದಾಗ ಬಟ್ಟಲಿನಂತೆ ಕಂಡರೆ ಸರಿ, ಅಂಚು ತಟ್ಟೆಯ ಹಾಗೆ ಹೊರಚಾಚಿದ್ದರೆ ಒಳಹೊರಗಾಗಿದೆ. ಎರಡೂ ಹಾಕಿಕೊಂಡು ಐದು ನಿಮಿಷ ಸುಮ್ಮನೆ ಕೂತಳು. ಲೆನ್ಸ್ ಮೊದಲು, ಬಣ್ಣ ಆಮೇಲೆ ಅನ್ನುವುದಕ್ಕೆ ಕಾರಣ ಇಷ್ಟೇ: ಬಣ್ಣ ಮೊದಲಾದರೆ ಕ್ರೀಮು ಮೆತ್ತಿದ ಬೆರಳಲ್ಲಿ ಲೆನ್ಸ್ ಹಿಡಿಯಬೇಕು, ಬರೆದ ರೆಪ್ಪೆಯನ್ನೇ ಎಳೆದು ಹಿಡಿಯಬೇಕು. ಅದೂ ಅಲ್ಲದೆ ಮೈನಸ್ ಐದಿನವಳು ಕನ್ನಡಿಯಲ್ಲಿ ತನ್ನ ಮೇಕಪ್ಪನ್ನು ನೋಡುವುದಾದರೂ ಹೇಗೆ?

ಅಲ್ಲಿಂದ ಮುಂದೆ ಬ್ಯೂಟಿಷಿಯನ್ ರಾಜ್ಯ. ಮುಖಕ್ಕೆ ಕ್ರೀಮು, ಫೌಂಡೇಶನ್, ಕಣ್ಣ ಅಂಚಿನಿಂದ ದೂರ. ಪೌಡರ್ ಹಾಕುವಾಗ ಕಣ್ಣು ಮುಚ್ಚಿ, ಪುಡಿ ಇಳಿದ ಮೇಲೇ ತೆರೆಯುವುದು. ರೆಪ್ಪೆಗೆ ಮಿಣಮಿಣ ಪುಡಿಯ ಬದಲು ಹೊಳಪಿಲ್ಲದ ಕ್ರೀಮ್ ಐಶ್ಯಾಡೋವನ್ನು ಬೆರಳಲ್ಲಿ ತಟ್ಟಿದಳು. ಕ್ರೀಮಿನಲ್ಲೂ ಜಿಡ್ಡಿರುತ್ತದೆ, ಆದರೆ ಪುಡಿಯ ಹಾಗೆ ಉದುರುವುದಿಲ್ಲ, ಅದಕ್ಕೇ ರೆಪ್ಪೆಯ ನಡುವಿಗೆ ತೆಳುವಾಗಿ, ಅಂಚು ಬಿಟ್ಟು. ಆಮೇಲೆ ಪೆನ್ಸಿಲ್, ಆಗಷ್ಟೇ ಹೆರೆದದ್ದು. ಹೆರೆದರೆ ಹಳೆಯ ತುದಿಯ ಕೊಳೆ ಹೋಗುತ್ತದೆ, ಮರದ ಚೂರೇನಾದರೂ ಅಂಚಿಗೆ ಎದ್ದಿದೆಯಾ ಅಂತ ಬೆರಳಾಡಿಸಿ ನೋಡಬೇಕು. ಕೊನೆಗೆ ಮಸ್ಕಾರ. ರೆಪ್ಪೆ ಬಾಗಿಸುವ ಇಕ್ಕಳ ಒತ್ತುವುದಿದ್ದರೆ ಅದಕ್ಕೆ ಮುಂಚೆ, ಯಾಕೆಂದರೆ ಮಸ್ಕಾರ ಹಚ್ಚಿ ಒಣಗಿದ ಮೇಲೆ ಒತ್ತಿದರೆ ಪುಡಿ ಉದುರುತ್ತದೆ, ಕೂದಲೂ ಕಿತ್ತು ಬರುತ್ತದೆ. ಮಸ್ಕಾರವನ್ನೂ ಬುಡದಿಂದ ಬಳಿಯಬೇಡ, ಕೂದಲ ಅರ್ಧದಿಂದ ತುದಿಗೆ ಸಾಕು ಅಂದೆ. ಮೂಗು ಮುರಿದಳು, ಆದರೆ ಕನ್ನಡಿ ನೋಡಿ ಸುಮ್ಮನಾದಳು. ಚೆನ್ನಾಗಿಯೇ ಕಾಣುತ್ತಿತ್ತು.

ಏಳೂವರೆಗೆ ಹುಡುಗಿಯನ್ನು ವೇದಿಕೆಗೆ ಕಳಿಸಿ ನಾನು ಊಟಕ್ಕೆ ಕೂತೆ. ಅದೇ ತಪ್ಪಾದದ್ದು. ಶಿರಾದಿಂದ ನಮ್ಮ ದೊಡ್ಡಕ್ಕ ಬಂದದ್ದು ಆಗ. ಮದುಮಗಳನ್ನು ಕಂಡವಳೇ ಹೌಹಾರಿದಳಂತೆ: "ಅಯ್ಯೋ, ಕಣ್ಣೊಳಗೆ ಕಪ್ಪೇ ಇಲ್ವಲ್ಲೇ! ಜ್ವರ ಬಂದು ಎದ್ದೋಳಂಗೆ ಕಾಣ್ತಾಳೆ." ಅತ್ತೆಯ ಹಿತ್ತಾಳೆ ಭರಣಿ ಪಕ್ಕದಲ್ಲೇ ಕಾದು ಕೂತಿತ್ತು. ಎರಡು ತಾಲ್ಲೂಕು ಒಂದಾದರೆ ಕೇಳಬೇಕೆ? ಬೆರಳು ಅದ್ದಿ, ಎರಡೂ ಕಣ್ಣಿನ ಬದುವಿನ ಮೇಲೆ ಈ ತುದಿಯಿಂದ ಆ ತುದಿಗೆ ಎಳೆದೇಬಿಟ್ಟರು. ನಾನು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದೆ.

ಹತ್ತು ನಿಮಿಷಕ್ಕೆ ಹುಡುಗಿಯ ಕಣ್ಣ ಮುಂದೆ ಮಳೆಗಾಲದ ಬಸ್ಸಿನ ಗಾಜು. ಮಿಟುಕಿಸಿದರೆ ಒಂದು ಕ್ಷಣ ತಿಳಿ, ಮತ್ತೆ ಮಂಜು. ಇದನ್ನು ಗುರುತಿಟ್ಟುಕೊಳ್ಳಿ: ಮಿಟುಕಿಸಿದಾಗ ಬದಲಾಗುವ ಮಂಜು ಸಾಮಾನ್ಯವಾಗಿ ಲೆನ್ಸಿನ ಮೇಲಿನ ಜಿಡ್ಡಿನದು. ಎಡಗಣ್ಣು ಕೆಂಪಗಾಗಿ ಚುಚ್ಚತೊಡಗಿತು. ಉಜ್ಜಬೇಡ ಅಂತ ಹೇಳಿಕಳಿಸಿ ಓಡಿದೆ. ರೂಮಿನಲ್ಲಿ ಅವಳ ಕೈ ತೊಳೆಸಿ, ಮೊದಲು ಎರಡೂ ಲೆನ್ಸ್ ತೆಗೆಸಿದೆ. ಕಪ್ಪು ಒರೆಸುವುದು ಆಮೇಲೆ. ಲೆನ್ಸ್ ಒಳಗಿರುವಾಗಲೇ ಒರೆಸಲು ಹೋದರೆ ಜಿಡ್ಡನ್ನೆಲ್ಲ ಅದಕ್ಕೇ ತಿನ್ನಿಸಿದ ಹಾಗೆ. ಬಿಳಿ ಟಿಶ್ಯೂ ಮೇಲಿಟ್ಟ ಲೆನ್ಸಿನಲ್ಲಿ ಕಪ್ಪು ಎಳೆಗಳು ಎದ್ದು ಕಾಣುತ್ತಿದ್ದವು. ದೊಡ್ಡಕ್ಕನನ್ನು ಕರೆದು ತೋರಿಸಿದೆ. "ಅಷ್ಟೇನಾ?" ಅಂದಳು.

ಆಮೇಲೆ ಸಂರಕ್ಷಕವಿಲ್ಲದ ಕೃತಕ ಕಣ್ಣೀರಿನ ಪುಟ್ಟ ಒಂಟಿ ಟ್ಯೂಬುಗಳನ್ನು ಮುರಿದು ಕಣ್ಣಿಗೆ ಧಾರಾಳವಾಗಿ ಬಿಟ್ಟೆ, ಕೆನ್ನೆಗಿಳಿದ ಕಪ್ಪನ್ನು ಹತ್ತಿಯಲ್ಲಿ ಹೀರಿಸಿದೆ. ಬದುವಿನ ಮೇಲೆ ಉಳಿದದ್ದನ್ನು ಒದ್ದೆ ಮಾಡಿದ ಬಡ್ಸಿನಿಂದ, ಕಣ್ಣಿಗೊಂದರಂತೆ, ಮೆಲ್ಲಗೆ ತೆಗೆದೆ. ಕಾಲು ಗಂಟೆಗೆ ಚುಚ್ಚುವುದು ನಿಂತಿತು. ಕೆಂಪು ಸ್ವಲ್ಪ ಉಳಿದಿತ್ತು. ಹೊಸ ಲೆನ್ಸ್ ಪೆಟ್ಟಿಗೆಯಲ್ಲೇ ಇತ್ತು, ಹುಡುಗಿ ಅದರ ಕಡೆ ನೋಡಿದಳು. ಇಲ್ಲ ಅಂದೆ. ಕೆಂಪಾದ ಕಣ್ಣಿಗೆ ಅವತ್ತು ಮತ್ತೆ ಲೆನ್ಸ್ ಹಾಕುವಂತಿಲ್ಲ. ಯಾರೋ ಪುಣ್ಯಾತ್ಮರು ಪರ್ಸಿನಿಂದ ಕೆಂಪು ಇಳಿಸುವ ಹನಿ ತೆಗೆದರು, ಯಾವಾಗಲೋ ಯಾರಿಗೋ ಕೊಟ್ಟದ್ದು. ಅಂಥ ಬಾಟಲಿಯಲ್ಲಿ ಸ್ಟೀರಾಯ್ಡ್ ಇರಬಹುದು. ಸೋಂಕಿರುವ ಕಣ್ಣಿಗೆ ಅದು ಬೆಂಕಿಗೆ ಹಾಕಿದ ಹುಲ್ಲು, ಮೇಲೆ ಕೆಂಪು ಇಳಿದು ಒಳಗೆ ಉರಿಯುತ್ತಿರುತ್ತದೆ.

ಹುಡುಗಿಗೆ ಎರಡು ಮಾತು ಹೇಳಿ ಕನ್ನಡಕ ಹಾಕಿಸಿ ವೇದಿಕೆಗೆ ವಾಪಸ್ ಕಳಿಸಿದೆ. ಬೆಳಿಗ್ಗೆ ನೋವು ಇದ್ದರೆ, ಬೆಳಕು ನೋಡಲು ಆಗದಿದ್ದರೆ, ಪಿಸುರು ಕಟ್ಟಿದ್ದರೆ, ಅಥವಾ ಕನ್ನಡಕ ಹಾಕಿದರೂ ಮಂಜಾಗಿದ್ದರೆ, ಧಾರೆ ಮುಹೂರ್ತ ಏನೇ ಇರಲಿ, ಕಣ್ಣಿನ ಡಾಕ್ಟರ ಹತ್ತಿರ. ತೆಗೆದ ಲೆನ್ಸನ್ನೂ ಟಿಶ್ಯೂನಲ್ಲಿ ಸುತ್ತಿ ಇಟ್ಟೆ, ಡಾಕ್ಟರು ಕೇಳಬಹುದು ಅಂತ. ಅತ್ತೆಗೆ ಈಗ ಹೆದರಿಕೆಯಾಗಿತ್ತು. "ನಮ್ಮೂರ ಶಾರದಾದೇವಿ ಕಣ್ಣಾಸ್ಪತ್ರೆಗೆ ಕರ್ಕಂಡೋಗಣ, ನಂಗೆ ಪೊರೆ ತೆಗ್ದಿದ್ದು ಅಲ್ಲೇ" ಅಂದರು. ಕಾಟುಕ ಹಚ್ಚಿಕೊಂಡವರಿಗೆ ಪೊರೆಯೂ ಬರುವುದಿಲ್ಲ ಅಂತ ಹಿಂದಿನ ದಿನವಷ್ಟೇ ಹೇಳಿದ್ದರು. ಸಮಯವಲ್ಲ ಅಂತ ನಾನು ನೆನಪಿಸಲಿಲ್ಲ.

ಬೆಳಿಗ್ಗೆ ನಾಲ್ಕಕ್ಕೆ ಎದ್ದು ಟಾರ್ಚ್ ಹಿಡಿದು ನೋಡಿದೆ. ಕಣ್ಣು ಬಿಳಿ. ನೋವಿಲ್ಲ, ಕನ್ನಡಕದಲ್ಲಿ ಗೋಡೆಯ ಕ್ಯಾಲೆಂಡರಿನ ಸಣ್ಣಕ್ಷರವೂ ಓದಿದಳು. ಹೊಸ ಜೊತೆ ಲೆನ್ಸ್, ಅದೇ ಕ್ರಮ, ಹೊರಗೆರೆ. ಹೋಮದ ಹೊಗೆ ಬಂದಾಗ ಪುರೋಹಿತರನ್ನು ಕೇಳಿಕೊಂಡು ಹುಡುಗಿಯನ್ನು ಗಾಳಿಗೆ ಬೆನ್ನಾಗಿ ಸ್ವಲ್ಪ ಸರಿಸಿ ಕೂರಿಸಿದೆವು. ಧಾರೆಯಲ್ಲಿ ಅವಳು ಅತ್ತಳು, ಅವರಮ್ಮ ಅತ್ತಳು, ಮಸ್ಕಾರ ಅಳಲಿಲ್ಲ. ಬ್ಯೂಟಿಷಿಯನ್ ದೂರದಿಂದಲೇ ನನಗೆ ಹೆಬ್ಬೆಟ್ಟು ತೋರಿಸಿದಳು.

ಅತ್ತೆಯ ಭರಣಿಯನ್ನೂ ಖಾಲಿ ಕಳಿಸಲಿಲ್ಲ. ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದು ಹುಡುಗಿಯ ಎಡಗೆನ್ನೆಯ ಮೇಲೆ ದೃಷ್ಟಿಬೊಟ್ಟು ಇಡಿ ಅಂದೆ. ಅತ್ತೆ ಒಂದು ಬಟಾಣಿಯಷ್ಟು ಇಟ್ಟರು. ಮದುವೆ ಆಲ್ಬಮ್ಮಿನಲ್ಲಿ ಆರತಕ್ಷತೆಯ ಕೊನೆಯ ಹನ್ನೊಂದು ಫೋಟೋಗಳಲ್ಲಿ ಕನ್ನಡಕ ಇದೆ, ಧಾರೆಯ ಅಷ್ಟೂ ಫೋಟೋಗಳಲ್ಲಿ ಬಟಾಣಿ ಇದೆ.